‘ಬಜೆಟ್ಟಿನಲ್ಲೇ ಮುಗಿಸಿದೆ’ ಅಂದರೆ ಯಾರ ಬಜೆಟ್ಟು?

ಪ್ರಾಜೆಕ್ಟ್ ಮ್ಯಾನೇಜರ್ ಹುದ್ದೆಗೆ ಬರುವ ರೆಸ್ಯೂಮೆಗಳಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತದೆ: ‘64 ಕೋಟಿ ರೂಪಾಯಿಯ ಯೋಜನೆಯನ್ನು ನಿಗದಿತ ಅವಧಿ ಮತ್ತು ಬಜೆಟ್ಟಿನೊಳಗೆ ಯಶಸ್ವಿಯಾಗಿ ಪೂರ್ಣಗೊಳಿಸಿದ್ದೇನೆ.’ ಕೋಟಿಯ ಅಂಕಿ ಬದಲಾಗುತ್ತದೆ, ವಾಕ್ಯ ಬದಲಾಗುವುದಿಲ್ಲ. ಇದು ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಹತ್ತಾರು ವರ್ಷ ಸೈಟಿನಲ್ಲಿ ಕಳೆದವರು ಇದನ್ನು ಓದಿದರೆ ಪೆನ್ಸಿಲ್ ಕೈಗೆತ್ತಿಕೊಳ್ಳುತ್ತಾರೆ. 64 ಕೋಟಿಯ ಯಾವ ಕೆಲಸ? ನಿಗದಿ ಮಾಡಿದ ಅವಧಿ ಯಾವುದು, ಟೆಂಡರಿನಲ್ಲಿದ್ದದ್ದೋ, ಆಮೇಲೆ ಎರಡು ಸಲ ವಿಸ್ತರಣೆ ಪಡೆದದ್ದೋ? ಬಜೆಟ್ಟು ಇಲಾಖೆಯದೋ, ಗುತ್ತಿಗೆದಾರನದೋ? ‘ಯಶಸ್ವಿಯಾಗಿ’ ಎಂಬುದನ್ನಂತೂ ಅವರು ಓದುವುದೇ ಇಲ್ಲ.

ಈ ಪ್ರಶ್ನೆಗಳಿಗೆ ರೆಸ್ಯೂಮೆಯೇ ಹೇಗೆ ಉತ್ತರ ಕೊಡಬಹುದು ಎಂಬುದನ್ನು ಒಂದು ಕೆಲಸವನ್ನಿಟ್ಟುಕೊಂಡು ನೋಡೋಣ. ಸಾಫ್ಟ್‌ವೇರ್ ಕಂಪನಿಗಳ ಪ್ರಾಜೆಕ್ಟ್ ಮ್ಯಾನೇಜರುಗಳ ಬಗ್ಗೆ ಬೆಂಗಳೂರಿನಲ್ಲಿ ಬೇಕಾದಷ್ಟು ಮಾತು ನಡೆಯುತ್ತದೆ. ನಾನು ಊರೂರಿಗೆ ಪೈಪು ಹಾಕಿಸುವವರನ್ನು ಆರಿಸಿಕೊಂಡಿದ್ದೇನೆ. ಜಲ ಜೀವನ ಮಿಷನ್ 2019ರಲ್ಲಿ ಘೋಷಣೆಯಾದ ಮೇಲೆ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳು ರಾಜ್ಯದ ಅನೇಕ ಜಿಲ್ಲೆಗಳಲ್ಲಿ ನಡೆದಿವೆ. ಅಂಥ ಒಂದು ಯೋಜನೆಯನ್ನು ಕಲ್ಪಿಸಿಕೊಳ್ಳಿ. ನದಿ ದಂಡೆಯಲ್ಲಿ ಜಾಕ್‌ವೆಲ್, ಅಲ್ಲಿಂದ ಪಂಪ್ ಮಾಡಿದ ನೀರಿಗೆ ಶುದ್ಧೀಕರಣ ಘಟಕ, ಅದರಾಚೆ 210 ಕಿಲೋಮೀಟರ್ ಪೈಪ್‌ಲೈನ್, 35 ಹಳ್ಳಿಗಳಲ್ಲಿ ಓವರ್‌ಹೆಡ್ ಟ್ಯಾಂಕು. ಒಪ್ಪಂದದ ಮೊತ್ತ 64 ಕೋಟಿ, ಅವಧಿ 24 ತಿಂಗಳು. ಅಂಕಿಗಳೆಲ್ಲ ನನ್ನ ಕಲ್ಪನೆ. ಪೇಚುಗಳು ಮಾತ್ರ ಈ ಕಸುಬಿನವರಿಗೆ ಚಿರಪರಿಚಿತ.

ಮೊದಲು ಕೆಲಸದ ವ್ಯಾಪ್ತಿ, ಸೈಟಿನವರ ಮಾತಿನಲ್ಲಿ ಸ್ಕೋಪ್. ಹೆಚ್ಚಿನವರು ಇಲ್ಲಿ ದೊಡ್ಡದನ್ನೇ ಬರೆಯುತ್ತಾರೆ: ‘70,000 ಜನರಿಗೆ ನಲ್ಲಿ ನೀರು ಒದಗಿಸಿದ್ದೇನೆ.’ ಆದರೆ ಇಂಥ ಯೋಜನೆಗಳಲ್ಲಿ ಮುಖ್ಯ ಗುತ್ತಿಗೆ ಹಳ್ಳಿಯ ಟ್ಯಾಂಕಿಗೆ ನೀರು ಮುಟ್ಟಿಸುವಲ್ಲಿಗೆ ಮುಗಿದು, ಊರೊಳಗಿನ ಕೊಳವೆ ಮತ್ತು ಮನೆಮನೆಯ ನಲ್ಲಿಯ ಕೆಲಸ ಬೇರೆ ಗುತ್ತಿಗೆಯಲ್ಲಿ ನಡೆಯುವುದುಂಟು. ಓದುವವರಿಗೆ ಇದು ಗೊತ್ತಿರುತ್ತದೆ. ಆದ್ದರಿಂದ ಕೆಲಸ ಎಲ್ಲಿ ಶುರುವಾಗಿ ಎಲ್ಲಿ ನಿಂತಿತು ಎಂದು ಬರೆದವನ ಮೇಲೆ ಅವರಿಗೆ ನಂಬಿಕೆ ಹುಟ್ಟುತ್ತದೆ: ‘ಜಾಕ್‌ವೆಲ್‌ನಿಂದ 35 ಹಳ್ಳಿಗಳ ಟ್ಯಾಂಕಿನವರೆಗೆ; ಮನೆ ಸಂಪರ್ಕ ಸೇರಿಲ್ಲ.’ ಆ ಕೊನೆಯ ಮೂರು ಪದ ಸೇರಿಸಲು ಯಾರಿಗೂ ಮನಸ್ಸಾಗುವುದಿಲ್ಲ, ಆದರೆ ಇಡೀ ಸಾಲಿಗೆ ತೂಕ ಬರುವುದು ಅವುಗಳಿಂದಲೇ.

ಅಂಕಿಗಳು ಒಂದನ್ನೊಂದು ಹೊಂದಿಕೊಳ್ಳುತ್ತವೆಯೇ ಎಂದೂ ಓದುವವರು ನೋಡುತ್ತಾರೆ. ಜಲ ಜೀವನ ಮಿಷನ್ನಿನ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. 70,000 ಜನರಿಗೆ ಸುಮಾರು 38.5 ಲಕ್ಷ ಲೀಟರ್ ಆಯಿತು. ಸೋರಿಕೆ, ಮುಂದೆ ಬೆಳೆಯುವ ಜನಸಂಖ್ಯೆ ಸೇರಿಸಿ 50 ಲಕ್ಷ ಲೀಟರಿನ ಘಟಕ ಎಂದರೆ ನಂಬಬಹುದು. ಅಷ್ಟೇ ಜನಕ್ಕೆ 2 ಕೋಟಿ ಲೀಟರಿನ ಘಟಕ ಕಟ್ಟಿಸಿದೆ ಎಂದು ಬರೆದಿದ್ದರೆ, ಒಂದೋ ಪಕ್ಕದ ಪಟ್ಟಣವೂ ಯೋಜನೆಯಲ್ಲಿದೆ, ಇಲ್ಲವೇ ಬರೆದವನು ಬೇರೆಯವರ ರೆಸ್ಯೂಮೆಯಿಂದ ಸಾಲು ಎತ್ತಿದ್ದಾನೆ.

ಇನ್ನು ವೇಳಾಪಟ್ಟಿ. ನಮ್ಮ ಕಲ್ಪನೆಯ ಯೋಜನೆ 24 ತಿಂಗಳಲ್ಲಿ ಮುಗಿಯಲಿಲ್ಲ, 29 ತಿಂಗಳು ಹಿಡಿಯಿತು. ರೈಲು ಹಳಿಯ ಕೆಳಗೆ ಕೇಸಿಂಗ್ ಪೈಪು ತೂರಿಸಲು ರೈಲ್ವೆಯ ಅನುಮತಿ ಬರುವುದು ತಡವಾಗಿದ್ದಕ್ಕೆ 3 ತಿಂಗಳು, ಕೆಲಸ ನಡೆಯುತ್ತಿರುವಾಗಲೇ 3 ಹಳ್ಳಿ ಹೊಸದಾಗಿ ಸೇರಿದ್ದಕ್ಕೆ 1 ತಿಂಗಳು, ಹೀಗೆ ಇಲಾಖೆ 4 ತಿಂಗಳ ವಿಸ್ತರಣೆ ಮಂಜೂರು ಮಾಡಿತು. ಉಳಿದ ಒಂದು ತಿಂಗಳು ಗುತ್ತಿಗೆದಾರರದೇ ತಪ್ಪು. ಪಂಪುಗಳ ಆರ್ಡರ್ ತಡವಾಗಿ ಹೋಗಿತ್ತು.

ಇಂಥ ಕಡೆ ‘ಸಕಾಲದಲ್ಲಿ ಮುಗಿಸಿದೆ’ ಎಂದು ಬರೆಯುವವರಿದ್ದಾರೆ. ಪ್ರತಿ ವಿಸ್ತರಣೆ ಸಿಕ್ಕಾಗಲೂ ವೇಳಾಪಟ್ಟಿಯನ್ನು ಹೊಸದಾಗಿ ಮಾಡಿ ಅದನ್ನೇ ಮೂಲವೆಂದು ಎಣಿಸಿದರೆ ಯಾವ ಯೋಜನೆಯೂ ತಡವಾಗುವುದಿಲ್ಲ. ಓದುವವರಿಗೆ ಬೇಕಾದದ್ದು ಮೂರು ಅಂಕಿ: ಮೊದಲ ಒಪ್ಪಂದದ ಅವಧಿ, ಮಂಜೂರಾದ ವಿಸ್ತರಣೆ, ನಿಜಕ್ಕೂ ಹಿಡಿದ ಸಮಯ. 24, 4, 29. ಉಳಿದ ಒಂದು ತಿಂಗಳನ್ನು ಅವರೇ ಕಳೆದು ನೋಡಿ, ಸಂದರ್ಶನದಲ್ಲಿ ‘ದಂಡ ಬಿತ್ತಾ?’ ಎಂದು ಕೇಳುತ್ತಾರೆ. ಕೇಳಲಿ. ‘ಬಿತ್ತು, ಪಂಪಿನ ಆರ್ಡರಿಗೆ ನಾವೇ ತಡ ಮಾಡಿದ್ದೆವು, ಮುಂದಿನ ಯೋಜನೆಯಲ್ಲಿ ಪಂಪು, ಪ್ಯಾನಲ್ಲುಗಳ ಆರ್ಡರನ್ನು ಮೊದಲ ತಿಂಗಳಲ್ಲೇ ಕಳಿಸಿದೆವು’ ಎಂಬ ಉತ್ತರ ಇರುವವನಿಗೆ ಆ ಪ್ರಶ್ನೆಯಿಂದ ನಷ್ಟವಿಲ್ಲ.

ಈ ಭಾಗದಲ್ಲಿ ಓದಿಕೊಂಡವರೂ ಎಡವುವ ಒಂದು ಜಾಗವಿದೆ. ಯೋಜನೆ ಎಷ್ಟು ಚುರುಕಾಗಿದೆ ಎಂದು ಅಳೆಯಲು ಎಸ್‌ಪಿಐ ಎಂಬ ಸೂಚಿಯೊಂದಿದೆ. ಇವತ್ತಿಗೆ ಎಷ್ಟು ರೂಪಾಯಿಯ ಕೆಲಸ ಆಗಬೇಕಿತ್ತೋ ಅದರಿಂದ, ಆಗಿರುವ ಕೆಲಸದ ಮೌಲ್ಯವನ್ನು ಭಾಗಿಸಿದರೆ ಸಿಗುವ ಅಂಕಿ ಅದು. 12ನೇ ತಿಂಗಳಿಗೆ 32 ಕೋಟಿಯ ಕೆಲಸ ಆಗಬೇಕಿದ್ದು 27 ಕೋಟಿಯದು ಆಗಿದ್ದರೆ ಸೂಚಿ 0.84, ಅಂದರೆ ಹಿಂದೆ ಬಿದ್ದಿದ್ದೀರಿ. ಒಂದಕ್ಕಿಂತ ಮೇಲಿದ್ದರೆ ಮುಂದಿದ್ದೀರಿ. ಆದರೆ ಯೋಜನೆ ಎಷ್ಟೇ ತಡವಾಗಿ ಮುಗಿಯಲಿ, ಮುಗಿದ ದಿನ 64 ಕೋಟಿಯ ಕೆಲಸ ಆಗಬೇಕಿತ್ತು, 64 ಕೋಟಿಯದೇ ಆಗಿರುತ್ತದೆ. ಭಾಗಿಸಿದರೆ ಸರಿಯಾಗಿ 1. ಎರಡು ವರ್ಷ ತಡವಾದ ಯೋಜನೆಯೂ ಕೊನೆಗೆ 1 ತೋರಿಸುತ್ತದೆ. ಹಾಗಾಗಿ ಮುಗಿದ ಯೋಜನೆಯ ಎದುರಿಗೆ ‘ಎಸ್‌ಪಿಐ 1.0’ ಎಂದು ಹೆಮ್ಮೆಯಿಂದ ಬರೆದರೆ, ಸೂತ್ರ ಗೊತ್ತು, ಅದರ ಮಿತಿ ಗೊತ್ತಿಲ್ಲ ಎಂದು ತಾವೇ ಒಪ್ಪಿಕೊಂಡಂತೆ.

ಹಣದ ವಿಷಯ ಇದಕ್ಕಿಂತ ಸಿಕ್ಕು. 64 ಕೋಟಿ ಎಂಬುದು ಇಲಾಖೆ ಗುತ್ತಿಗೆದಾರನಿಗೆ ಕೊಡಲು ಒಪ್ಪಿದ ಮೊತ್ತ. ಸೇರಿದ 3 ಹಳ್ಳಿಗಳಿಗೆ ಹೆಚ್ಚುವರಿ ಕೆಲಸವೆಂದು 3.1 ಕೋಟಿ ಮಂಜೂರಾಗಿ ಅದು 67.1 ಕೋಟಿ ಆಯಿತು. ಕೊನೆಯ ಬಿಲ್ಲು 66.2 ಕೋಟಿ. 64ನ್ನು ಮಾತ್ರ ನೋಡಿದವರಿಗೆ ಇದು ಬಜೆಟ್ ಮೀರಿದ ಯೋಜನೆ, 67.1ನ್ನು ನೋಡಿದವರಿಗೆ 90 ಲಕ್ಷ ಉಳಿಸಿದ ಯೋಜನೆ. ಎರಡನ್ನೂ ಬರೆಯದೆ ಬರೀ ‘ಬಜೆಟ್ಟಿನೊಳಗೆ’ ಎಂದರೆ ಏನನ್ನೂ ಹೇಳಿದಂತಾಗದು.

ಇಷ್ಟಾದರೂ ಇದು ಇಲಾಖೆಯ ಕಡೆಯಿಂದ ಕಂಡ ಲೆಕ್ಕ. ಗುತ್ತಿಗೆದಾರನ ಕಡೆಯ ಮ್ಯಾನೇಜರ್ ನಿಜವಾಗಿ ಸಂಭಾಳಿಸುವುದು ಕಂಪನಿಯ ಒಳಬಜೆಟ್ಟನ್ನು: ಲಾಭ ಬಿಟ್ಟು ಪೈಪಿಗೆಷ್ಟು, ಜೆಸಿಬಿ ಬಾಡಿಗೆಗೆಷ್ಟು, ಸಬ್‌ಕಾಂಟ್ರಾಕ್ಟರಿಗೆಷ್ಟು ಎಂಬ ಪಟ್ಟಿ. ಅವನ ಸಾಮರ್ಥ್ಯ ತಿಳಿಯುವುದು ಅಲ್ಲೇ. ಆದರೆ ಆ ಪಟ್ಟಿ ಕಂಪನಿಯ ಗುಟ್ಟು. ಅದನ್ನು ರೂಪಾಯಿಯಲ್ಲಿ ಬರೆದವನನ್ನು ಇನ್ನೊಂದು ಕಂಪನಿ ಸೇರಿಸಿಕೊಳ್ಳಲು ಹಿಂಜರಿಯುತ್ತದೆ. ನಾಳೆ ತನ್ನ ಗುಟ್ಟೂ ಹೊರಗೆ ಹೋದೀತಲ್ಲ. ‘ಒಪ್ಪಂದ ಮೊತ್ತ 64 ಕೋಟಿ, ಪರಿಷ್ಕೃತ 67.1 ಕೋಟಿ, ಒಳವೆಚ್ಚ ಪರಿಷ್ಕೃತ ಬಜೆಟ್ಟಿಗಿಂತ ಶೇ 1.5ರಷ್ಟು ಕಡಿಮೆ’ ಎಂದರೆ ಗುಟ್ಟೂ ಉಳಿಯಿತು, ಕೆಲಸವೂ ಕಂಡಿತು. ಸಾರ್ವಜನಿಕ ಟೆಂಡರಿನ ಮೊತ್ತವನ್ನು ಬಚ್ಚಿಡುವ ಅಗತ್ಯವಂತೂ ಇಲ್ಲ.

ಜೊತೆಗೆ ಯಾರ ಪರವಾಗಿ ಇದ್ದಿರಿ ಎಂಬುದು ಮೊದಲ ಸಾಲಿನಲ್ಲೇ ಬರಬೇಕು. ಇಲಾಖೆ ನೇಮಿಸಿದ ಸಲಹಾ ಸಂಸ್ಥೆಯ ಮ್ಯಾನೇಜರ್ ಅಳತೆ ಪರಿಶೀಲಿಸಿ ಬಿಲ್ಲಿಗೆ ಶಿಫಾರಸು ಮಾಡುತ್ತಾನೆ. ಗುತ್ತಿಗೆದಾರನ ಮ್ಯಾನೇಜರ್ ಅದೇ ಬಿಲ್ಲನ್ನು ಸಲ್ಲಿಸುತ್ತಾನೆ. ಇಬ್ಬರೂ ‘64 ಕೋಟಿ ಯೋಜನೆ ನಿರ್ವಹಿಸಿದೆ’ ಎಂದೇ ಬರೆಯುತ್ತಾರೆ, ಆದರೆ ಮಾಡಿದ ಕೆಲಸ ಎದುರುಬದುರು.

ಕಾರ್ಯವಿಧಾನದ ಸಾಲಿಗೆ ಬಂದರೆ ಸಂತೆಯೇ ನೆರೆದಿರುತ್ತದೆ: ಅಜೈಲ್, ಸ್ಕ್ರಮ್, ವಾಟರ್‌ಫಾಲ್, ಪ್ರಿನ್ಸ್2, ಸಿಕ್ಸ್ ಸಿಗ್ಮಾ. ಅಜೈಲ್ ಎಂಬುದು 2001ರಲ್ಲಿ ಸಾಫ್ಟ್‌ವೇರ್ ಬರೆಯುವ 17 ಮಂದಿ ಅಮೆರಿಕದ ಯೂಟಾದಲ್ಲಿ ಕೂತು ಹೊರಡಿಸಿದ ಪ್ರಣಾಳಿಕೆಯಿಂದ ಹೆಸರು ಪಡೆದದ್ದು. ಬಳಕೆದಾರ ಬೇಡವೆಂದದ್ದನ್ನು ಎರಡು ವಾರಕ್ಕೊಮ್ಮೆ ತಿದ್ದುವ ಅನುಕೂಲ ತಂತ್ರಾಂಶಕ್ಕಿದೆ, ಮಣ್ಣಿನಡಿ ಹೂತ ಕಬ್ಬಿಣದ ಪೈಪಿಗಿಲ್ಲ. ಪೈಪ್‌ಲೈನ್ ಯೋಜನೆಯವನು ಹೆಸರುಗಳನ್ನು ಬಿಟ್ಟು ತಾನು ಮಾಡಿದ್ದನ್ನು ಬರೆಯುವುದು ಲೇಸು: ಪ್ರೈಮಾವೆರಾದಲ್ಲಿ ಇಡೀ ವೇಳಾಪಟ್ಟಿ, ಸೋಮವಾರಕ್ಕೊಮ್ಮೆ ಮುಂದಿನ ಮೂರು ವಾರದ ಯೋಜನೆ, ಯಾವ ಕಡೆ ಜಾಗ ಬಿಡಿಸಿಕೊಂಡಿದೆ, ಪೈಪು ಬಂದಿದೆ, ಅನುಮತಿ ಇದೆ ಎಂದು ಖಾತ್ರಿಯಾದ ಮೇಲಷ್ಟೇ ಅಲ್ಲಿಗೆ ಗ್ಯಾಂಗ್ ಕಳಿಸುವ ಕ್ರಮ. ಪಿಎಂಪಿ ಪ್ರಮಾಣಪತ್ರ ಇದ್ದರೆ ಒಂದು ಸಾಲು ಸಾಕು.

ಉಳಿದದ್ದು ಸಮನ್ವಯ. ‘14 ಭಾಗೀದಾರರೊಂದಿಗೆ ಸಮನ್ವಯ ಸಾಧಿಸಿದ್ದೇನೆ’ ಎಂಬುದರಿಂದ ತಿಳಿಯುವುದು ಅವನಿಗೆ ಎಣಿಸಲು ಬರುತ್ತದೆ ಎಂಬುದಷ್ಟೇ. ಈ ಯೋಜನೆಯಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆ, ಲೋಕೋಪಯೋಗಿ, ರೈಲ್ವೆ, ಅರಣ್ಯ, ವಿದ್ಯುತ್ ಕಂಪನಿ, 35 ಹಳ್ಳಿಗಳ ಪಂಚಾಯಿತಿಗಳು, ಪೈಪು ಹಾದುಹೋಗುವ ಹೊಲಗಳ ರೈತರು ಎಲ್ಲರೂ ಇದ್ದರು. ಇವರಲ್ಲಿ ಯಾರು ಎಲ್ಲಿ ತಡೆದರು, ಆ ತಡೆ ಹೇಗೆ ಬಿಡಿಸಿತು ಎಂಬ ಒಂದೆರಡು ಪ್ರಸಂಗ ಸಾಕು. ಟ್ಯಾಂಕಿಗೆ ಜಾಗ ಕೊಡಲು 6 ಪಂಚಾಯಿತಿಗಳಲ್ಲಿ ಠರಾವು ಆಗಿರಲಿಲ್ಲ. ಕೆಲಸ ಆ ಊರುಗಳಿಗೆ ತಲುಪುವ ಮೊದಲೇ ಸದಸ್ಯರನ್ನು ಸ್ಥಳಕ್ಕೆ ಕರೆದೊಯ್ದು ಜಾಗ ತೋರಿಸಿ ಠರಾವು ಮಾಡಿಸಿದ್ದು ಒಂದು. ಹೊಲದ ಕೊಳವೆ ಸಾಲನ್ನು ಕಟಾವಿಗೂ ಮುಂದಿನ ಬಿತ್ತನೆಗೂ ನಡುವೆ ಹಾಕುವಂತೆ ವೇಳಾಪಟ್ಟಿಯನ್ನೇ ಬದಲಿಸಿ ಬೆಳೆ ಪರಿಹಾರದ ಜಗಳ ತಪ್ಪಿಸಿದ್ದು ಇನ್ನೊಂದು. ರೈಲ್ವೆಯ ಅನುಮತಿ ತಡವಾಗಿದ್ದನ್ನೂ ಬರೆಯಬಹುದು, ಅರ್ಜಿ ಹಾಕಿದ ತಿಂಗಳು ಮತ್ತು ಒಪ್ಪಿಗೆ ಬಂದ ತಿಂಗಳು ಎರಡನ್ನೂ ಕೊಟ್ಟರೆ. ತಡ ಯಾರದೆಂದು ಆಗ ತಾನೇ ಗೊತ್ತಾಗುತ್ತದೆ.

ಇಷ್ಟನ್ನೂ ಕಡ್ಡಾಯವಾಗಿ ಕೇಳುವ ಜಾಗ ಒಂದಿದೆ. ವಿಶ್ವಬ್ಯಾಂಕ್ ಸಾಲದ ಯೋಜನೆಗಳಿಗೆ ಸಲಹಾ ಸಂಸ್ಥೆ ಆಯ್ಕೆ ಮಾಡುವಾಗ ಪ್ರಮುಖ ತಜ್ಞರ ವಿವರವನ್ನು ನಿಗದಿತ ನಮೂನೆಯಲ್ಲೇ ಕೊಡಬೇಕು, ಅದಕ್ಕೆ ಅಂಕವೂ ಇರುತ್ತದೆ. ಕೆಳಗೆ ಸಹಿ ಹಾಕುವಾಗ, ತಪ್ಪು ಮಾಹಿತಿ ಕೊಟ್ಟರೆ ಅನರ್ಹಗೊಳಿಸಬಹುದೆಂಬ ಷರತ್ತಿಗೂ ಒಪ್ಪಿದಂತಾಗುತ್ತದೆ. ಅಲ್ಲಿ ‘70,000 ಜನರಿಗೆ ನಲ್ಲಿ ನೀರು’ ಎಂದು ಬರೆಯುವ ಕೈ ತಾನಾಗಿಯೇ ತಡೆಯುತ್ತದೆ.

ಇನ್ನೂ ನಡೆಯುತ್ತಿರುವ ಯೋಜನೆಯನ್ನು ಬರೆಯುವುದು ಹೇಗೆ ಎಂದು ಅನೇಕರು ಗೊಂದಲಪಡುತ್ತಾರೆ. ‘ಶೇ 80ರಷ್ಟು ಪೂರ್ಣ’ ಎಂದು ಅಂದಾಜಿಗೆ ಬರೆದು ಕೈತೊಳೆದುಕೊಳ್ಳುತ್ತಾರೆ. ಕೊನೆಯ ರನ್ನಿಂಗ್ ಬಿಲ್ಲಿನಲ್ಲಿ ಇಲಾಖೆ ಒಪ್ಪಿದ ಕೆಲಸದ ಮೌಲ್ಯ, ಆ ಬಿಲ್ಲಿನ ತಿಂಗಳು, ಅದೇ ತಿಂಗಳಿಗೆ ಆಗಬೇಕಿದ್ದ ಕೆಲಸದ ಮೌಲ್ಯ, ಈ ಮೂರನ್ನು ಕೊಟ್ಟರೆ ಅಂದಾಜಿನ ಮಾತೇ ಇಲ್ಲ. ಮುಗಿದ ಯೋಜನೆಯಲ್ಲಿ ಬೆಲೆ ಕಳೆದುಕೊಂಡ ಎಸ್‌ಪಿಐಗೆ ಇಲ್ಲಿ ಮಾತ್ರ ಅರ್ಥವಿದೆ, 0.84 ಎಂದಿದ್ದರೂ ಸರಿ.