ಸೀರೆ ಕೊಂಡದ್ದು ಯಾವ ಜಾಹೀರಾತು ನೋಡಿ?

ಆನ್‌ಲೈನಿನಲ್ಲಿ ಇಳಕಲ್ ಸೀರೆ ಮಾರುವ ಒಂದು ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಬೆಂಗಳೂರನ್ನು ಬಿಟ್ಟು ರಾಜ್ಯದ ಉಳಿದ ಜಿಲ್ಲೆಗಳಿಂದ ನಾಲ್ಕು ವಾರಕ್ಕೆ 2,000 ಆರ್ಡರ್ ಬರುತ್ತವೆ. ತಿಂಗಳ ಕೊನೆಗೆ ಮಾಲೀಕರು ಲೆಕ್ಕ ನೋಡಲು ಕೂರುತ್ತಾರೆ. 1,100 ಆರ್ಡರ್ ತನ್ನಿಂದ ಬಂದವು ಎನ್ನುತ್ತದೆ ಇನ್‌ಸ್ಟಾಗ್ರಾಂ. ಗೂಗಲ್ 700 ತನ್ನವು ಎನ್ನುತ್ತದೆ. ಯೂಟ್ಯೂಬ್, ವಾಟ್ಸ್ಆ್ಯಪ್ ಸೇರಿ ಇನ್ನೂ 800ಕ್ಕೆ ಹಕ್ಕು ಹೇಳುತ್ತವೆ. ಎಲ್ಲ ಕೂಡಿದರೆ 2,600. ಗೋದಾಮಿನಿಂದ ಹೊರಟದ್ದು ಮಾತ್ರ 2,000 ಸೀರೆ.

ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಧಾರವಾಡದ ಒಬ್ಬ ಗಿರಾಕಿ ಸೋಮವಾರ ಇನ್‌ಸ್ಟಾಗ್ರಾಂನಲ್ಲಿ ಟೋಪಿ ತೆನೆ ಸೆರಗಿನ ರೀಲ್ ನೋಡಿ ಅಂಗಡಿಯ ಪುಟಕ್ಕೆ ಹೋಗುತ್ತಾರೆ, ಕೊಳ್ಳುವುದಿಲ್ಲ. ಬುಧವಾರ ಯೂಟ್ಯೂಬಿನಲ್ಲಿ ಅದೇ ಅಂಗಡಿಯ ವಿಡಿಯೊ ಕಾಣುತ್ತದೆ. ಶನಿವಾರ ಸಂಬಳ ಬಂದ ಮೇಲೆ ಗೂಗಲ್‌ನಲ್ಲಿ ಅಂಗಡಿಯ ಹೆಸರು ಹುಡುಕಿ, ಎಲ್ಲಕ್ಕಿಂತ ಮೇಲೆ ಬಂದ ಜಾಹೀರಾತನ್ನು ಒತ್ತಿ ಸೀರೆ ತರಿಸಿಕೊಳ್ಳುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಕಂಪನಿ ಮೆಟಾದ ಸಾಮಾನ್ಯ ನಿಯಮದಂತೆ, ಜಾಹೀರಾತು ಒತ್ತಿದ ಏಳು ದಿನದೊಳಗೆ ಅಥವಾ ಬರೀ ನೋಡಿದ ಒಂದು ದಿನದೊಳಗೆ ಕೊಂಡರೆ ಆ ಮಾರಾಟ ಅದರ ಖಾತೆಗೆ. ಗೂಗಲ್ ಜಾಹೀರಾತಿಗೆ ಈ ಗಡುವು ಸಾಮಾನ್ಯವಾಗಿ 30 ದಿನ. ಒಂದೇ ಸೀರೆ ಇಬ್ಬರು ಮೂವರ ಪುಸ್ತಕದಲ್ಲಿ ಜಮಾ ಆಗುವುದು ಹೀಗೆ.

ಈ ಜಗಳ ಬಿಡಿಸಲು ಬಹುಕಾಲ ಬಳಕೆಯಲ್ಲಿರುವ ಉಪಾಯ, ಕೊನೆಯ ಕ್ಲಿಕ್ ಯಾರದೋ ಪೂರ್ತಿ ಶ್ರೇಯ ಅವರಿಗೇ ಎನ್ನುವುದು. ನಮ್ಮ ಅಂಗಡಿಯನ್ನು ಹೀಗೆ ಲೆಕ್ಕ ಹಾಕಿದರೆ ಗೂಗಲ್‌ನ 700 ಹಾಗೇ ಉಳಿದು, ಇನ್‌ಸ್ಟಾಗ್ರಾಂ 200ಕ್ಕೆ ಇಳಿಯುತ್ತದೆ. ಮೊದಲು ಕಂಡವರಿಗೆ ಶ್ರೇಯ ಕೊಡುವ, ಎಲ್ಲರಿಗೂ ಸಮನಾಗಿ ಹಂಚುವ ಪದ್ಧತಿಗಳೂ ಇದ್ದವು. 2023ರಲ್ಲಿ ಗೂಗಲ್ ತನ್ನ ಅನಲಿಟಿಕ್ಸ್‌ನಿಂದ ಅವನ್ನು ತೆಗೆದುಹಾಕಿ, ಕೊನೆಯ ಕ್ಲಿಕ್ಕಿನ ಲೆಕ್ಕವನ್ನೂ ಅಂಕಿ-ಅಂಶ ನೋಡಿ ಯಂತ್ರವೇ ಹಂಚುವ ಲೆಕ್ಕವನ್ನೂ ಉಳಿಸಿಕೊಂಡಿತು. ಯಾವ ಪದ್ಧತಿಯಾದರೂ ಅದು ನಡೆದ ಮಾರಾಟದ ಶ್ರೇಯವನ್ನು, ತನಗೆ ಕಂಡ ಹೆಜ್ಜೆಗುರುತುಗಳ ನಡುವೆ ಹಂಚುತ್ತದೆ. ಫೋನಿನಲ್ಲಿ ನೋಡಿ ಲ್ಯಾಪ್‌ಟಾಪಿನಲ್ಲಿ ಕೊಂಡರೆ, ಅಕ್ಕ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೊ ನೋಡಿ ಕೊಂಡರೆ ಆ ಗುರುತು ಅಳಿಸಿಹೋಗುತ್ತದೆ. 2021ರಿಂದ ಐಫೋನಿನಲ್ಲಿ ಆ್ಯಪ್‌ಗಳು ಗಿರಾಕಿಯ ಜಾಡು ಹಿಡಿಯಲು ಮೊದಲು ಅವರ ಒಪ್ಪಿಗೆ ಕೇಳಬೇಕಾಗಿರುವುದರಿಂದ ಕಾಣದ ಭಾಗ ಇನ್ನೂ ದೊಡ್ಡದಾಗಿದೆ.

ಮಾಲೀಕರಿಗೆ ನಿಜಕ್ಕೂ ಬೇಕಾದ ಉತ್ತರ ಬೇರೆಯೇ: ಈ ಜಾಹೀರಾತು ಇರದಿದ್ದರೆ ಎಷ್ಟು ಸೀರೆ ಕಡಿಮೆ ಮಾರಾಟವಾಗುತ್ತಿತ್ತು? ಅಂಗಡಿಯ ಹೆಸರನ್ನೇ ಬೆರಳಚ್ಚಿಸಿ ಹುಡುಕುವವರು ಅಲ್ಲಿಗೆ ಬರಲು ಆಗಲೇ ಮನಸ್ಸು ಮಾಡಿದವರು. ಜಾಹೀರಾತು ಇಲ್ಲದಿದ್ದರೆ ಅದರ ಕೆಳಗಿರುವ ಪುಕ್ಕಟೆ ಕೊಂಡಿಯನ್ನು ಒತ್ತಿ ಬರುತ್ತಿದ್ದರು.

ಅಮೆರಿಕದ ಇಬೇ ಕಂಪನಿಯಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದರು. ಥಾಮಸ್ ಬ್ಲೇಕ್, ಕ್ರಿಸ್ ನೋಸ್ಕೊ, ಸ್ಟೀವನ್ ಟಡೆಲಿಸ್ ಎಂಬ ಅರ್ಥಶಾಸ್ತ್ರಜ್ಞರ ಆ ಅಧ್ಯಯನ 2015ರಲ್ಲಿ ‘ಎಕನಾಮೆಟ್ರಿಕಾ’ದಲ್ಲಿ ಪ್ರಕಟವಾಯಿತು. 2012ರಲ್ಲಿ ಯಾಹೂ ಮತ್ತು ಎಂಎಸ್ಎನ್‌ಗಳಲ್ಲಿ ‘ಇಬೇ’ ಎಂಬ ಪದಕ್ಕೆ ಹಣ ಕೊಟ್ಟು ಹಾಕಿಸುತ್ತಿದ್ದ ಜಾಹೀರಾತನ್ನು ನಿಲ್ಲಿಸಿದಾಗ, ತಪ್ಪಿಹೋದ ಕ್ಲಿಕ್ಕುಗಳಲ್ಲಿ ಶೇ. 99.5ರಷ್ಟು ಪುಕ್ಕಟೆ ಕೊಂಡಿಯ ಮೂಲಕವೇ ಬಂದವು. ಬಳಿಕ ಗೂಗಲ್‌ನಲ್ಲಿ ಬೇರೆ ಪದಗಳ ಜಾಹೀರಾತನ್ನೂ ದೇಶದ ಸುಮಾರು ಶೇ. 30ರಷ್ಟು ಪ್ರದೇಶಗಳಲ್ಲಿ ನಿಲ್ಲಿಸಿ, ಉಳಿದ ಕಡೆ ಮುಂದುವರಿಸಿ ಮಾರಾಟ ಹೋಲಿಸಿದರು. ಹೊಸಬರು ಮತ್ತು ಅಪರೂಪಕ್ಕೆ ಕೊಳ್ಳುವವರ ಮೇಲೆ ಜಾಹೀರಾತು ಕೆಲಸ ಮಾಡಿತ್ತು. ಖರ್ಚಿನ ಬಹುಪಾಲು ಮಾತ್ರ, ಹೇಗಿದ್ದರೂ ಕೊಳ್ಳುತ್ತಿದ್ದ ಹಳೆಯ ಗಿರಾಕಿಗಳ ಕ್ಲಿಕ್ಕಿಗೆ ಹೋಗಿತ್ತು. ಒಟ್ಟು ಲೆಕ್ಕದಲ್ಲಿ ನಷ್ಟ.

ಕೆಲವು ಊರುಗಳಲ್ಲಿ ನಿಲ್ಲಿಸಿ ಉಳಿದ ಕಡೆ ಬಿಡುವ ಈ ಉಪಾಯ ನಮ್ಮ ಅಂಗಡಿಗೂ ಎಟುಕುವಂಥದ್ದೇ. ಮೊದಲು ಮಾರಾಟದಲ್ಲಿ ಹೆಚ್ಚುಕಮ್ಮಿ ಒಂದೇ ತೂಕದ ಜಿಲ್ಲೆಗಳನ್ನು ಎದುರುಬದುರು ಇಡಬೇಕು: ಮೈಸೂರಿಗೆ ಧಾರವಾಡ, ಶಿವಮೊಗ್ಗಕ್ಕೆ ದಾವಣಗೆರೆ, ಹೀಗೆ. ಬೆಂಗಳೂರಿಗೆ ಜೋಡಿ ಇಲ್ಲ, ಅದನ್ನು ಕೈಬಿಟ್ಟದ್ದು ಅದಕ್ಕೇ. ಯಾವ ಜಿಲ್ಲೆಗಳಲ್ಲಿ ನಿಲ್ಲಿಸಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಮಾರಾಟ ಮೊದಲೇ ಕುಸಿಯುತ್ತಿರುವ ಜಿಲ್ಲೆಯನ್ನು ನಾವೇ ಆರಿಸಿಬಿಟ್ಟರೆ ಫಲಿತಾಂಶ ಕೆಡುತ್ತದೆ.

ಈಗ ಲೆಕ್ಕ. ನಿಲ್ಲಿಸಲಿರುವ ಜಿಲ್ಲೆಗಳ ಹಿಂದಿನ ನಾಲ್ಕು ವಾರದ ಮಾರಾಟ 800, ಮುಂದುವರಿಸುವ ಜಿಲ್ಲೆಗಳದ್ದು 1,200. ಮೊದಲ ಕಡೆ ಗೂಗಲ್‌ನ ಹೆಸರು ಹುಡುಕಾಟದ ಜಾಹೀರಾತನ್ನು ನಾಲ್ಕು ವಾರ ನಿಲ್ಲಿಸುತ್ತಾರೆ. ಆ ಅವಧಿಯಲ್ಲಿ ಮದುವೆಗಳು ಇದ್ದುದರಿಂದ ಮುಂದುವರಿಸಿದ ಕಡೆ ಮಾರಾಟ 1,320ಕ್ಕೆ, ಅಂದರೆ ಶೇ. 10ರಷ್ಟು ಏರಿತು. ಏನೂ ನಿಲ್ಲಿಸದಿದ್ದರೆ ಇನ್ನೊಂದು ಕಡೆಯೂ 880 ಆಗಬೇಕಿತ್ತು. ಆದದ್ದು 836. ಕಳೆದುಕೊಂಡದ್ದು 44 ಆರ್ಡರ್. ಗೂಗಲ್ ಈ ಜಿಲ್ಲೆಗಳಲ್ಲಿ ತನ್ನವು ಎಂದಿದ್ದದ್ದು 280.

ಆ ಜಿಲ್ಲೆಗಳಲ್ಲಿ ಉಳಿದ ಖರ್ಚು 88,000 ರೂಪಾಯಿ ಎನ್ನೋಣ. ಗೂಗಲ್‌ನ ಮಾತು ನಂಬಿದರೆ ಆರ್ಡರಿಗೆ ಬಿದ್ದದ್ದು 314 ರೂಪಾಯಿ, ಪರೀಕ್ಷೆ ನಂಬಿದರೆ 2,000. ಸೀರೆಯೊಂದಕ್ಕೆ ಉಳಿಯುವ ಲಾಭ 600 ಆದರೆ, ಇದು ಕೈಯಿಂದ ಹೋಗುವ ವ್ಯಾಪಾರ. ಮುಂದಿನ ಸುತ್ತಿನಲ್ಲಿ ಅಷ್ಟೇ ಖರ್ಚಿನ ಇನ್‌ಸ್ಟಾಗ್ರಾಂ ಜಾಹೀರಾತನ್ನು ನಿಲ್ಲಿಸಿದಾಗ ನಿರೀಕ್ಷೆಯ 880ರ ಬದಲು 704 ಬಂತು ಎಂದುಕೊಳ್ಳಿ. ನಷ್ಟ 176, ಆರ್ಡರಿಗೆ 500 ರೂಪಾಯಿ. ಈ ಜಿಲ್ಲೆಗಳಲ್ಲಿ ಇನ್‌ಸ್ಟಾಗ್ರಾಂ ಹಕ್ಕು ಹೇಳಿದ್ದು 440, ಕೊನೆಯ ಕ್ಲಿಕ್ಕಿನ ಲೆಕ್ಕ ಕೊಟ್ಟದ್ದು 80. ಎರಡೂ ಸರಿಯಿರಲಿಲ್ಲ. ಕೊನೆಯ ಕ್ಲಿಕ್ಕನ್ನೇ ನಂಬಿದ್ದರೆ, ನಿಜಕ್ಕೂ ಗಿರಾಕಿಗಳನ್ನು ತರುತ್ತಿದ್ದ ಜಾಹೀರಾತನ್ನೇ ನಿಲ್ಲಿಸುತ್ತಿದ್ದರು.

ಆದರೆ ಆ 44 ಅನ್ನು ಕಲ್ಲಿನ ಮೇಲೆ ಕೆತ್ತಬೇಡಿ. ಏನೂ ಬದಲಿಸದ ಹಳೆಯ ತಿಂಗಳುಗಳನ್ನು ಎತ್ತಿಕೊಂಡು ಇದೇ ಎರಡು ಗುಂಪುಗಳನ್ನು ಹೀಗೇ ಹೋಲಿಸಿ ನೋಡಿ. ಆಗಲೂ ನಿರೀಕ್ಷೆಗೂ ವಾಸ್ತವಕ್ಕೂ 50 ಆರ್ಡರಿನಷ್ಟು ಅಂತರ ಬರುತ್ತಿದ್ದರೆ, 44 ಎಂಬುದು ಮಾಮೂಲಿ ಏರಿಳಿತದೊಳಗಿನ ಸಂಖ್ಯೆ. ನಿಜವಾದ ಪರಿಣಾಮ ಸೊನ್ನೆಯೂ ಇರಬಹುದು, 90ರ ಆಸುಪಾಸಿನಲ್ಲೂ ಇರಬಹುದು. 280 ಅಲ್ಲ ಎಂಬುದು ಮಾತ್ರ ಖಚಿತವಾಗಿ ಹೇಳಬಲ್ಲ ಮಾತು, ತೀರ್ಮಾನಕ್ಕೆ ಅಷ್ಟು ಸಾಕು. ತಿಂಗಳಿಗೆ ನೂರಿನ್ನೂರು ಆರ್ಡರಿನ ಅಂಗಡಿಗೆ ಈ ಪರೀಕ್ಷೆ ಹೆಚ್ಚೇನೂ ಹೇಳಲಾರದು. ಅಂಥವರು ಆರ್ಡರ್ ಪಡೆಯುವಾಗಲೇ ‘ನಮ್ಮ ಅಂಗಡಿ ಮೊದಲು ಹೇಗೆ ಗೊತ್ತಾಯ್ತು?’ ಎಂದು ಕೇಳಿ ಬರೆದಿಟ್ಟುಕೊಳ್ಳುವುದು ಮೇಲು. ಜನರ ನೆನಪು ಪಕ್ಕಾ ಅಲ್ಲ, ಆದರೂ ಯಾವ ಡ್ಯಾಶ್‌ಬೋರ್ಡೂ ಕಾಣದ ಬಾಯಿಮಾತು ಅಲ್ಲಿ ಸಿಗುತ್ತದೆ.

ಎಡವುವ ಜಾಗಗಳು ಇನ್ನೂ ಎರಡಿವೆ. ಸೀರೆಯ ಜಾಹೀರಾತು ನೋಡಿದವರು ಮೂರು ವಾರ ಬಿಟ್ಟು ಕೊಳ್ಳಬಹುದು, ಹಾಗಾಗಿ ನಿಲ್ಲಿಸಿದ ಮೊದಲ ವಾರದ ಅಂಕಿ ನೋಡಿ ‘ಏನೂ ಆಗಲಿಲ್ಲ’ ಎಂದು ಹಿಗ್ಗುವಂತಿಲ್ಲ. ಹೆಸರಿನ ಜಾಹೀರಾತು ನಿಲ್ಲಿಸಿದ ಕೂಡಲೇ ಪ್ರತಿಸ್ಪರ್ಧಿ ಅಂಗಡಿ ಅದೇ ಜಾಗ ಕೊಂಡುಕೊಂಡರೆ ಗಿರಾಕಿ ಅತ್ತ ವಾಲಬಹುದು. ಇಬೇಯಂಥ ಮನೆಮಾತಾದ ಹೆಸರಿಗೆ ತಟ್ಟದ ಈ ಅಪಾಯ ಚಿಕ್ಕ ಅಂಗಡಿಗೆ ತಟ್ಟುತ್ತದೆ. ಆಗಾಗ ತಾವೇ ಹೆಸರು ಹುಡುಕಿ, ಮೇಲೆ ಯಾರಿದ್ದಾರೆಂದು ನೋಡುತ್ತಿರಬೇಕು.

ಇನ್‌ಸ್ಟಾಗ್ರಾಂ ಗೆದ್ದಿತೆಂದು ಗೂಗಲ್‌ನ 88,000 ರೂಪಾಯಿಯನ್ನೂ ಅದಕ್ಕೇ ಸುರಿಯುವುದು ಮುಂದಿನ ತಪ್ಪು. ಸುಲಭವಾಗಿ ಒಲಿಯುವ ಗಿರಾಕಿಗಳಿಗೆ ಮೊದಲ ಹಣದಲ್ಲೇ ಜಾಹೀರಾತು ತಲುಪಿರುತ್ತದೆ. ಖರ್ಚು ಇಮ್ಮಡಿಯಾದರೆ 176 ಆರ್ಡರ್ 352 ಆಗುವುದಿಲ್ಲ. ಎರಡನೆಯ 88,000ಕ್ಕೆ 147 ಆರ್ಡರ್ ಬಂದರೆ ಖರ್ಚಿಗೆ ಖರ್ಚು ಸರಿಹೋಗುತ್ತದೆ, ಬರದಿದ್ದರೆ ನಷ್ಟ. ಅದಕ್ಕೆ ಪರೀಕ್ಷೆಯನ್ನು ತಿರುಗಿಸಬೇಕು: ಕೆಲವು ಜಿಲ್ಲೆಗಳಲ್ಲಿ ಜಾಹೀರಾತು ನಿಲ್ಲಿಸುವ ಬದಲು ಹೆಚ್ಚಿಸಿ, ಮತ್ತೆ ನಾಲ್ಕು ವಾರ ಎಣಿಸಬೇಕು.