ಒಟ್ಟು ನೂರಾದರೆ ಸಾಲದು

ಸಮೀಕ್ಷಾ ವರದಿಯ ಕೋಷ್ಟಕದಲ್ಲಿ ಪಾಲುಗಳ ಮೊತ್ತ ಶೇ 100 ಆಗಬೇಕು ಎಂಬುದು ಮೊದಲ ಪರೀಕ್ಷೆ. ಅಲ್ಪಸ್ವಲ್ಪ ವ್ಯತ್ಯಾಸ ತಪ್ಪಲ್ಲ. ಒಂದು ದಶಮಾಂಶಕ್ಕೆ ಸರಿಹೊಂದಿಸಿದ ಐದು ಸಾಲುಗಳಿದ್ದರೆ ಮೊತ್ತ 99.8ರಿಂದ 100.2ರವರೆಗೆ ಎಲ್ಲಿ ನಿಂತರೂ ಸರಿಯೇ. ಒಬ್ಬರೇ ಹಲವು ಉತ್ತರ ಕೊಡಬಹುದಾದ ಪ್ರಶ್ನೆಗಳಿಗಂತೂ ಈ ಪರೀಕ್ಷೆ ಅನ್ವಯಿಸುವುದೇ ಇಲ್ಲ. ಆದರೆ ಮೊತ್ತ ಸರಿಯಾಗಿ ನೂರಾದಾಗಲೂ ದೊಡ್ಡದೊಂದು ತಪ್ಪು ಒಳಗೇ ಉಳಿದಿರಬಹುದು.

ಅಡುಗೆ ಇಂಧನದ ಬಗೆಗಿನ ಒಂದು ಕಾಲ್ಪನಿಕ ಸಮೀಕ್ಷೆಯನ್ನು ನೋಡೋಣ. ನಗರದಲ್ಲಿ ಗ್ಯಾಸ್ ಬಳಸುವ ಮನೆಗಳು ಶೇ 80, ಸೌದೆ ಶೇ 12, ಇತರೆ ಶೇ 8. ಹಳ್ಳಿಗಳಲ್ಲಿ ಕ್ರಮವಾಗಿ 50, 44 ಮತ್ತು 6. ನಗರದಲ್ಲಿ 500, ಹಳ್ಳಿಗಳಲ್ಲಿ 500 ಮನೆಗಳನ್ನು ಮಾತನಾಡಿಸಲಾಗಿದೆ. ಆದರೆ ಆ ಪ್ರದೇಶದ ನೂರು ಮನೆಗಳಲ್ಲಿ ನಲವತ್ತು ಮಾತ್ರ ನಗರದವು. ಹಾಗಾಗಿ ಜನಸಂಖ್ಯೆಯ ಅನುಪಾತಕ್ಕೆ ತಕ್ಕ ತೂಕ ಕೊಟ್ಟಾಗ ಮನೆಗಳ ಸಂಖ್ಯೆ 400 ಮತ್ತು 600 ಆಗುತ್ತದೆ.

ತೂಕದ ಸರಾಸರಿಯಂತೆ ಗ್ಯಾಸ್‌ನ ಒಟ್ಟು ಪಾಲು 400ನ್ನು 80ರಿಂದ, 600ನ್ನು 50ರಿಂದ ಗುಣಿಸಿ, ಕೂಡಿ, 1000ದಿಂದ ಭಾಗಿಸಿದಾಗ ಸಿಗುವ 62. ಸೌದೆಗೆ 31.2, ಇತರೆಗೆ 6.8, ಮೊತ್ತ 100. ತೂಕವನ್ನು ಮರೆತು ಎರಡೂ ಕಾಲಂಗಳ ನೇರ ಸರಾಸರಿ ತೆಗೆದರೆ 65, 28, 7 ಬರುತ್ತವೆ. ಅವುಗಳ ಮೊತ್ತವೂ 100! ಎರಡು ಕಾಲಂಗಳು ತಲಾ ನೂರಾಗಿದ್ದರೆ ಅವುಗಳ ಯಾವ ಸರಾಸರಿಯಾದರೂ ನೂರೇ ಆಗುತ್ತದೆ. ಆದ್ದರಿಂದ ಈ ತಪ್ಪನ್ನು ಮೊತ್ತದ ಪರೀಕ್ಷೆ ಎಂದಿಗೂ ಹಿಡಿಯದು.

ಅದನ್ನು ಹಿಡಿಯಲು ಲೆಕ್ಕವನ್ನು ಹಿಂದಕ್ಕೆ ಓಡಿಸಬೇಕು. ಒಟ್ಟು ಪಾಲಿನಿಂದ ಹಳ್ಳಿಯ ಪಾಲನ್ನು ಕಳೆದು, ನಗರಕ್ಕೂ ಹಳ್ಳಿಗೂ ಇರುವ ವ್ಯತ್ಯಾಸದಿಂದ ಭಾಗಿಸಿದರೆ ನಗರಕ್ಕೆ ಎಷ್ಟು ತೂಕ ಸಿಕ್ಕಿದೆ ಎಂಬುದು ತಿಳಿಯುತ್ತದೆ. ಒಟ್ಟು 62 ಆಗಿದ್ದರೆ 12ನ್ನು 30ರಿಂದ ಭಾಗಿಸಿ 0.4, ಅಂದರೆ 1000ದಲ್ಲಿ 400, ಸರಿ. ಒಟ್ಟು 65 ಎಂದು ಮುದ್ರಿಸಿದ್ದರೆ 0.5 ಬಂದು, ತೂಕ ಬಿಟ್ಟುಹೋಗಿರುವುದು ಬಯಲಾಗುತ್ತದೆ. ಇದಕ್ಕೆ ವ್ಯತ್ಯಾಸ ದೊಡ್ಡದಿರುವ ಸಾಲನ್ನೇ ಆರಿಸಬೇಕು. 'ಇತರೆ' ಸಾಲಿನ 6.8ನ್ನು ಪೂರ್ಣಾಂಕವಾಗಿ 7 ಎಂದು ಮುದ್ರಿಸಿದ್ದರೆ, ಸರಿಯಾದ ಕೋಷ್ಟಕದಲ್ಲೂ ಆ ಸಾಲು 0.5 ಎಂದೇ ತೋರಿಸುತ್ತದೆ.

ಲೆಕ್ಕ ಸರಿಯಿದ್ದರೂ ಅಂಕಿಯನ್ನು ಎಷ್ಟು ನಂಬಬಹುದು ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ತೂಕ ಕೊಟ್ಟ ಸಂಖ್ಯೆಯಲ್ಲಿಲ್ಲ, ನಿಜವಾಗಿ ಮಾತನಾಡಿಸಿದವರ ಸಂಖ್ಯೆಯಲ್ಲಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವರದಿಗಳಲ್ಲಿ, ತೂಕ ಕೊಡುವ ಮೊದಲಿನ ಎಣಿಕೆಯಂತೆ 25ರಿಂದ 49 ಮಂದಿಯನ್ನು ಆಧರಿಸಿದ ಶೇಕಡಾವಾರು ಆವರಣದೊಳಗೆ ಬರುತ್ತದೆ. 25ಕ್ಕಿಂತ ಕಡಿಮೆಯಿದ್ದರೆ ಅಂಕಿಯ ಬದಲು ನಕ್ಷತ್ರ ಚಿಹ್ನೆ ಇರುತ್ತದೆ. ಕೋಷ್ಟಕದ ಕೊನೆಯ ಕಾಲಂನಲ್ಲಿ ಸಾಮಾನ್ಯವಾಗಿ ಕಾಣುವುದು ಮಾತ್ರ ತೂಕ ಕೊಟ್ಟ ಸಂಖ್ಯೆ. ಹಾಗಾಗಿ ಅಲ್ಲಿ 60 ಎಂದಿದ್ದೂ ಎದುರಿಗೆ ನಕ್ಷತ್ರವಿದ್ದರೆ ಅದು ಅಚ್ಚಿನ ತಪ್ಪಲ್ಲ. ಮಾತನಾಡಿಸಿದವರು 25ಕ್ಕಿಂತ ಕಡಿಮೆ ಎಂದರ್ಥ. ಅಲ್ಲಿ 18 ಎಂದಿದ್ದೂ ಆವರಣದಲ್ಲಿ ಅಂಕಿ ಸಿಕ್ಕರೆ, ಕನಿಷ್ಠ 25 ಮಂದಿ ಉತ್ತರಿಸಿದ್ದಾರೆ ಎಂದು ತಿಳಿಯಬೇಕು.