ನಾಲ್ಕು ತೆಂಗಿನಕಾಯಿ

ಮಗೂ,

ನಿನ್ನ ಪತ್ರದ ಜೊತೆ ಬಂದ ನೋಟ್‌ಬುಕ್ಕಿನ ಹಾಳೆಯನ್ನು ಎದುರಿಗೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಸಂತೆಯ ಬಗ್ಗೆ ಬರೆದ ಪ್ರಬಂಧದಲ್ಲಿ ನಿನ್ನ ಒಂದು ವಾಕ್ಯ ಹೀಗಿದೆ: "ಅಪ್ಪ ಸಂತೆಯಿಂದ ನಾಲ್ಕು ತೆಂಗಿನಕಾಯಿ ತಂದರು." ನಿಮ್ಮ ಮೇಷ್ಟ್ರು 'ತೆಂಗಿನಕಾಯಿ' ಕೆಳಗೆ ಕೆಂಪು ಗೆರೆ ಎಳೆದು, ಮೇಲೆ 'ಗಳನ್ನು' ಎಂದು ಸೇರಿಸಿ, ಪಕ್ಕದಲ್ಲಿ 'ವಚನ ತಪ್ಪು, ವಿಭಕ್ತಿ ತಪ್ಪು' ಎಂದು ಬರೆದಿದ್ದಾರೆ. ಮನೆಯಲ್ಲಿ ಎಲ್ಲರೂ ಹೀಗೇ ಹೇಳುತ್ತಾರಲ್ಲ, ಹಾಗಾದರೆ ನಾವು ಮಾತಾಡುವ ಕನ್ನಡವೇ ತಪ್ಪೇ ಎಂದು ಕೇಳಿದ್ದೀಯ.

ತಪ್ಪಲ್ಲ. ನಿನ್ನ ವಾಕ್ಯ ಸರಿಯಾಗಿಯೇ ಇದೆ. ಮೇಷ್ಟ್ರು ಬರೆದ "ನಾಲ್ಕು ತೆಂಗಿನಕಾಯಿಗಳನ್ನು ತಂದರು" ಎಂಬುದೂ ಕನ್ನಡವೇ, ಅದರಲ್ಲೂ ದೋಷವಿಲ್ಲ. ಅದು ಸರಿಯಾಗಿರುವುದರಿಂದ ನಿನ್ನದು ತಪ್ಪಾಗಬೇಕು ಎಂದುಕೊಂಡದ್ದಷ್ಟೇ ಸರಿಯಲ್ಲ. ಅವರು ಎರಡು ತಪ್ಪು ಹೇಳಿದ್ದಾರೆ, ಒಂದೊಂದನ್ನೇ ನೋಡೋಣ.

ಮೊದಲನೆಯದು ವಚನ. ಕಾಯಿ ನಾಲ್ಕು ಇದ್ದ ಮೇಲೆ ಬಹುವಚನದ 'ಗಳು' ಬೇಡವೇ ಎಂಬುದು ಮೇಷ್ಟ್ರ ವಾದ. ನಾಳೆ ಅಂಗಡಿಗೆ ಹೋದಾಗ ಸ್ವಲ್ಪ ಕಿವಿಗೊಟ್ಟು ಕೇಳು. ಹತ್ತು ರೂಪಾಯಿ ಚಿಲ್ಲರೆ ಕೊಡಿ, ಎರಡು ತೆಂಗಿನಕಾಯಿ ಕೊಡಿ, ಮೂರು ಸೋಪು ಹಾಕಿ. ಯಾರ ಬಾಯಲ್ಲೂ 'ರೂಪಾಯಿಗಳು', 'ಸೋಪುಗಳು' ಬರುವುದಿಲ್ಲ. ಎಷ್ಟು ದೂರ ಎಂದರೆ ಐದು ಕಿಲೋಮೀಟರು, ವಯಸ್ಸೆಷ್ಟು ಎಂದರೆ ಹದಿನಾಲ್ಕು ವರ್ಷ. ಇದು ಓದು ಬಾರದವರ ಮಾತು ಮಾತ್ರ ಎನ್ನುವ ಹಾಗಿಲ್ಲ. ಮೂಡಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಬಸದಿಯನ್ನು ನಾಡೆಲ್ಲ ಕರೆಯುವುದು ಸಾವಿರ ಕಂಬದ ಬಸದಿ ಎಂದು. ಸಾವಿರ ಕಂಬವಿದ್ದರೂ ಅಲ್ಲಿ 'ಕಂಬಗಳ' ಎಂದು ಯಾರಿಗೂ ಬೇಕೆನಿಸಿಲ್ಲ.

ಕಾರಣ ಸರಳ. ಎಷ್ಟು ಎಂಬುದನ್ನು 'ನಾಲ್ಕು' ಆಗಲೇ ಹೇಳಿಬಿಟ್ಟಿದೆ. ವಸ್ತು ಮತ್ತು ಪ್ರಾಣಿಗಳ ವಿಷಯದಲ್ಲಿ ಅದೇ ಮಾತನ್ನು ಇನ್ನೊಮ್ಮೆ ಹೇಳು ಎಂದು ಕನ್ನಡ ಒತ್ತಾಯಿಸುವುದಿಲ್ಲ. ಹೇಳಿದರೆ ಬೇಡವೆನ್ನುವುದೂ ಇಲ್ಲ. ಸಂಖ್ಯೆ ಹೇಳದೆ ಇರುವಾಗ ಮಾತ್ರ 'ಗಳು' ನಿಜವಾದ ಕೆಲಸ ಮಾಡುತ್ತದೆ. "ಈ ಪುಸ್ತಕ ನನ್ನದು" ಎಂದರೆ ಒಂದು, "ಈ ಪುಸ್ತಕಗಳು ನನ್ನವು" ಎಂದರೆ ಹಲವು. 'ಈ' ಎಂಬ ಪದ ಎರಡೂ ಕಡೆ ಒಂದೇ ಥರ ಇರುವುದರಿಂದ ಇಲ್ಲಿ 'ಗಳು' ಬಿಟ್ಟರೆ ಅರ್ಥವೇ ಬದಲಾಗುತ್ತದೆ. "ಈ ನಾಲ್ಕು ಪುಸ್ತಕ" ಎಂದೆಯೋ, ಆ ಗೊಂದಲ ಮುಗಿಯಿತು.

ಮನುಷ್ಯರ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. "ನಾಲ್ಕು ಹುಡುಗ ಬಂದ" ಎಂದು ಕನ್ನಡ ಬಲ್ಲವರು ಯಾರೂ ಹೇಳುವುದಿಲ್ಲ. ನಾಲ್ಕು ಹುಡುಗರು ಅಥವಾ ನಾಲ್ವರು ಹುಡುಗರು ಎನ್ನಲೇಬೇಕು. ಮನುಷ್ಯರನ್ನು ಎಣಿಸಲು ಕನ್ನಡ ಬೇರೆ ಸಂಖ್ಯೆಗಳನ್ನೇ ಇಟ್ಟುಕೊಂಡಿದೆ, ಗಮನಿಸಿದ್ದೀಯಾ? ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು. ಅಲ್ಲಿಂದ ಮುಂದೆ ಈಗಿನ ಮಾತಿನಲ್ಲಿ ಆರು ಜನ, ಏಳು ಮಂದಿ. ಕಾಯಿಗೆ ಒಂದು ನಿಯಮ, ಜನಕ್ಕೆ ಇನ್ನೊಂದು. ಇದು ಸೋಮಾರಿತನದಿಂದ ಬಂದದ್ದಾಗಿದ್ದರೆ ಎರಡೂ ಕಡೆ ಪ್ರತ್ಯಯ ಬಿದ್ದುಹೋಗಬೇಕಿತ್ತು. ಒಂದು ಕಡೆ ಬಿಡಬಹುದು, ಇನ್ನೊಂದು ಕಡೆ ಬಿಡಬಾರದು ಎಂಬ ಗೆರೆಯನ್ನು ಯಾರೂ ಕಲಿಸದೆ ಎಲ್ಲರೂ ಕಾಪಾಡಿಕೊಂಡು ಬಂದಿದ್ದಾರೆ ಎಂದರೆ ಅದೇ ವ್ಯಾಕರಣ. ಗೆರೆಯ ಮೇಲೆಯೇ ಕುಳಿತ ಪದಗಳೂ ಕೆಲವಿವೆ. ತೋಟದ ಕೆಲಸಕ್ಕೆ "ಹತ್ತು ಆಳು ಬೇಕು" ಎನ್ನುತ್ತೇವೆ. ಆಳು ಮನುಷ್ಯನೇ, ಆದರೆ ಅಲ್ಲಿ ಎಣಿಸುತ್ತಿರುವುದು ಆಗಬೇಕಾದ ಕೆಲಸದ ಅಳತೆಯನ್ನು.

ಇದು ಕನ್ನಡ ಒಂದರ ಗುಣವಲ್ಲ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್, ಈ ಭಾಷೆಗಳಲ್ಲಿ ನಪುಂಸಕಲಿಂಗದ ನಾಮಪದಗಳಿಗೆ ಬಹುವಚನ ಹಚ್ಚುವುದು ಕಡಿಮೆ ಎಂದು ಆಗಲೇ ಗುರುತಿಸಿದ್ದರು. ತಮಿಳಿನಲ್ಲೂ ಮಲಯಾಳದಲ್ಲೂ 'ನಾಲ್ಕು ಪುಸ್ತಕ' ಎಂದೇ ಹೇಳಬಹುದು. ತೆಲುಗಿನವರು ಮಾತ್ರ ಸಾಮಾನ್ಯವಾಗಿ ಬಹುವಚನ ಸೇರಿಸಿ 'ನಾಲುಗು ಪುಸ್ತಕಾಲು' ಎನ್ನುತ್ತಾರೆ. ದೂರದ ತುರ್ಕಿ ಭಾಷೆಯಲ್ಲಂತೂ ಸಂಖ್ಯೆಯ ಮುಂದೆ ಏಕವಚನ ಇಡುವುದೇ ಕ್ರಮ.

ಇನ್ನು ಎರಡನೆಯ ತಪ್ಪು, ವಿಭಕ್ತಿ. ನನಗೆ ಹೆಚ್ಚು ಇಷ್ಟವಾದ ಭಾಗ ಇದು. ಇಲ್ಲಿ 'ಅನ್ನು' ಹಾಕುವುದಕ್ಕೂ ಬಿಡುವುದಕ್ಕೂ ಅರ್ಥದಲ್ಲಿಯೇ ವ್ಯತ್ಯಾಸವಿದೆ. ತಂದದ್ದು ಏನನ್ನು? ತೆಂಗಿನಕಾಯಿಯನ್ನು. ಅದು ಕರ್ಮಪದ, ಕರ್ಮಪದಕ್ಕೆ ದ್ವಿತೀಯಾ ವಿಭಕ್ತಿ ಬರಬೇಕು ಎಂದು ಮೇಷ್ಟ್ರು ಹೇಳುತ್ತಾರೆ. ಹಾಗಿದ್ದರೆ ನೀರು ಕುಡಿ, ದೀಪ ಹಚ್ಚು, ಕಾಗದ ಬರಿ, ಕಾಯಿ ಒಡಿ ಎಲ್ಲವೂ ತಪ್ಪಾಗಬೇಕಾಗುತ್ತದೆ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು" ಎಂಬ ಗಾದೆಯನ್ನು ನಿನ್ನ ಅಜ್ಜಿ ಹೇಳಿರಬಹುದು. ಕೆಂಪು ಪೆನ್ನಿನ ಲೆಕ್ಕದಲ್ಲಿ ಅದು "ಸಾವಿರ ಸುಳ್ಳುಗಳನ್ನು ಹೇಳಿ ಒಂದು ಮದುವೆಯನ್ನು ಮಾಡು" ಎಂದಾಗಬೇಕು. ಎರಡನ್ನೂ ಗಟ್ಟಿಯಾಗಿ ಓದಿ ನೋಡು. ಎರಡನೆಯದರಲ್ಲಿ ಯಾವುದೋ ಗೊತ್ತಿರುವ ಮದುವೆಯ ಕಡೆ ಬೆರಳು ತೋರಿದ ಹಾಗಾಗುತ್ತದೆ.

ಆ ಬೆರಳು ತೋರುವ ಗುಣವೇ 'ಅನ್ನು'ವಿನದು. ನೀನು ಗ್ರಂಥಾಲಯಕ್ಕೆ ಹೋಗಿದ್ದೀಯ ಎಂದುಕೊ. "ಒಂದು ಪುಸ್ತಕ ಹುಡುಕುತ್ತಿದ್ದೇನೆ" ಎಂದರೆ ಓದಲು ಯಾವುದೋ ಒಂದು ಸಿಕ್ಕರೆ ಸಾಕು ಎಂಬ ಅರ್ಥ ಬರುತ್ತದೆ. "ಒಂದು ಪುಸ್ತಕವನ್ನು ಹುಡುಕುತ್ತಿದ್ದೇನೆ" ಎಂದರೆ ನಿನ್ನ ಮನಸ್ಸಿನಲ್ಲಿ ಒಂದು ನಿರ್ದಿಷ್ಟ ಪುಸ್ತಕ ಇರಬಹುದು, ಯಾವುದು ಎಂದು ಗ್ರಂಥಪಾಲಕರು ಕೇಳಬಹುದು. ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ 2006ರಲ್ಲಿ 'ಲ್ಯಾಂಗ್ವೇಜ್' ಎಂಬ ಪತ್ರಿಕೆಯಲ್ಲಿ ಕನ್ನಡದ ದ್ವಿತೀಯಾ ವಿಭಕ್ತಿಯ ಕುರಿತೇ ಒಂದು ಲೇಖನ ಬರೆದರು. ಇಂಥ ವಾಕ್ಯಗಳನ್ನು ಜೋಡಿ ಜೋಡಿಯಾಗಿ ಇಟ್ಟು, ಪ್ರತ್ಯಯ ಇಲ್ಲದ ಕರ್ಮಪದಕ್ಕೂ ಇರುವ ಕರ್ಮಪದಕ್ಕೂ ಅರ್ಥ ಹೇಗೆ ಬೇರೆಯಾಗುತ್ತದೆ ಎಂದು ಅವರು ಪರೀಕ್ಷಿಸಿದ್ದಾರೆ.

ಈಗ ನಿನ್ನ ವಾಕ್ಯಕ್ಕೆ ಬಾ. ಸಂತೆಯಲ್ಲಿ ರಾಶಿ ಹಾಕಿದ್ದ ಕಾಯಿಗಳಲ್ಲಿ ಅಪ್ಪ ಯಾವುದೋ ನಾಲ್ಕನ್ನು ಆರಿಸಿ ತಂದರು. ಓದುವವರಿಗೆ ಆ ಕಾಯಿಗಳ ಪರಿಚಯ ಮೊದಲೇ ಇಲ್ಲ, ಇರಬೇಕಾಗಿಯೂ ಇಲ್ಲ. ಪ್ರತ್ಯಯವಿಲ್ಲದ 'ನಾಲ್ಕು ತೆಂಗಿನಕಾಯಿ' ಅಲ್ಲಿಗೆ ಹೇಳಿ ಮಾಡಿಸಿದಂತಿದೆ. ಅದರ ಬದಲು, ಅಂಗಡಿಯವನು ನಿಮ್ಮ ಮನೆಗೆಂದು ಹಿಂದಿನ ವಾರವೇ ನಾಲ್ಕು ಕಾಯಿ ಎತ್ತಿಟ್ಟಿದ್ದ, ಆ ಮಾತನ್ನು ನೀನು ಮೇಲೆಯೇ ಬರೆದಿದ್ದೆ ಎನ್ನು. ಆಗ "ಅಪ್ಪ ಆ ನಾಲ್ಕು ಕಾಯಿಗಳನ್ನು ತಂದರು" ಎಂದು ಬರೆಯುವುದೇ ಚೆಂದ. 'ಆ' ಬಂದ ಕೂಡಲೇ 'ಅನ್ನು'ವಿಗೆ ಜಾಗ ಸಿಕ್ಕಿತು.

ಇದನ್ನೇ ಕಟ್ಟುನಿಟ್ಟಿನ ಸೂತ್ರ ಮಾಡಿಕೊಳ್ಳಬೇಡ. "ಬಾಗಿಲು ಹಾಕು" ಎಂದಾಗ ಯಾವ ಬಾಗಿಲು ಎಂದು ಇಬ್ಬರಿಗೂ ಗೊತ್ತು, ಆದರೂ ಅಲ್ಲಿ 'ಅನ್ನು' ಇಲ್ಲ. ಸಂದರ್ಭವೇ ಬೆರಳು ತೋರಿಸುವಾಗ ಪ್ರತ್ಯಯ ಸುಮ್ಮನಿರಬಹುದು.

ಆದರೆ 'ಅನ್ನು' ಬಿಡಲೇಬಾರದ ಕಡೆ ಎರಡಿವೆ. ಒಂದು, ಕರ್ಮಪದ ಮನುಷ್ಯರನ್ನು ಹೇಳುವಾಗ. "ನಾನು ಮೇಷ್ಟ್ರನ್ನು ನೋಡಿದೆ" ಎನ್ನಬೇಕೇ ಹೊರತು "ನಾನು ಮೇಷ್ಟ್ರು ನೋಡಿದೆ" ಎಂದರೆ ಮಾತೇ ಆಗುವುದಿಲ್ಲ. ಇನ್ನೊಂದು, ಕರ್ಮಪದ ಕ್ರಿಯಾಪದದ ಪಕ್ಕ ಬಿಟ್ಟು ದೂರ ಹೋದಾಗ. "ಬೆಕ್ಕು ಇಲಿ ಹಿಡಿಯಿತು" ಎಂದರೆ ಹಿಡಿದದ್ದು ಬೆಕ್ಕು. ಇಲಿಯ ಮಾತನ್ನು ಮೊದಲು ಎತ್ತಬೇಕೆಂದು "ಇಲಿ ಬೆಕ್ಕು ಹಿಡಿಯಿತು" ಎಂದು ಬರೆದರೆ ಕಥೆ ತಿರುಗಿಬಿಡುತ್ತದೆ. "ಇಲಿಯನ್ನು ಬೆಕ್ಕು ಹಿಡಿಯಿತು" ಎಂದಾಗ ಮಾತ್ರ ಇಲಿ ಎಲ್ಲಿ ನಿಂತರೂ ಸಿಕ್ಕಿಬಿದ್ದದ್ದು ಅದೇ ಎಂದು ತಿಳಿಯುತ್ತದೆ. ನಿನ್ನ ವಾಕ್ಯದಲ್ಲಿ ಕಾಯಿ 'ತಂದರು' ಎಂಬುದಕ್ಕೆ ಅಂಟಿಕೊಂಡೇ ಇದೆ. ಕಾಯಿ ಅಪ್ಪನನ್ನು ತರಲಾರದು ಎಂಬುದೂ ಗೊತ್ತಿದೆ. ಸಂಶಯಕ್ಕೆ ಎಡೆಯೇ ಇಲ್ಲ.

ಹಾಗಾದರೆ ಇಷ್ಟು ತಿಳಿದ ಮೇಷ್ಟ್ರು ಏಕೆ ತಿದ್ದಿದರು? ಅವರ ಮೇಲೆ ಬೇಸರ ಬೇಡ. ನಾನೂ ಕನ್ನಡ ಪಾಠ ಹೇಳಿದವಳೇ, ಮೊದಲ ಕೆಲವು ವರ್ಷ ಇಂಥ ವಾಕ್ಯಗಳನ್ನು ಹೀಗೇ ತಿದ್ದಿದ್ದೇನೆ, ಆ ಮಕ್ಕಳನ್ನು ನೆನೆದರೆ ಈಗ ನೋವಾಗುತ್ತದೆ. ನಾವೆಲ್ಲ ಕಲಿತ ಶಾಲೆಯ ವ್ಯಾಕರಣದ ಚೌಕಟ್ಟು ಸಂಸ್ಕೃತದ್ದು. ಸಂಸ್ಕೃತದಲ್ಲಿ ನಾಲ್ಕು ಎಂದರೆ ಮುಂದಿನ ನಾಮಪದ ಬಹುವಚನದಲ್ಲಿ ಇರಲೇಬೇಕು, ಕರ್ಮಪದಕ್ಕೆ ದ್ವಿತೀಯಾ ಬರಲೇಬೇಕು. ಆ ಚೌಕಟ್ಟನ್ನು ತುಂಬಲು ಕನ್ನಡವನ್ನು ಎಷ್ಟು ಎಳೆದಿದ್ದೇವೆ ಎಂಬುದಕ್ಕೆ ನೀನು ಬಾಯಿಪಾಠ ಮಾಡಿದ ವಿಭಕ್ತಿ ಪಟ್ಟಿಯೇ ಸಾಕ್ಷಿ. ಪಂಚಮಿಗೆ ಅಲ್ಲಿ 'ದೆಸೆಯಿಂದ' ಎಂದಿದೆ. "ಮರದ ದೆಸೆಯಿಂದ ಹಣ್ಣು ಬಿತ್ತು" ಎಂದು ಎಂದಾದರೂ ಹೇಳಿದ್ದೀಯಾ? ಮರದಿಂದ ಬಿತ್ತು ಎನ್ನುತ್ತೇವೆ. ತೃತೀಯೆಗೂ ಪಂಚಮಿಗೂ ನಮ್ಮಲ್ಲಿ 'ಇಂದ' ಒಂದೇ ಇದೆ, ಸಂಸ್ಕೃತದ ಪಟ್ಟಿಯಲ್ಲಿ ಎರಡು ಮನೆಯಿತ್ತು, ಖಾಲಿ ಉಳಿಯಬಾರದೆಂದು ಒಂದು ಪದ ತಂದು ಕೂರಿಸಿದರು. ಭಾಷಾವಿಜ್ಞಾನಿ ಡಿ.ಎನ್. ಶಂಕರಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಪುಸ್ತಕ ಬರೆದದ್ದು ಇಂಥ ಕಾರಣಕ್ಕೇ. ಅದು ನಿನ್ನ ಶಾಲೆಯ ಲೈಬ್ರರಿಯಲ್ಲಿ ಇದ್ದರೆ ಓದು.

ಮೇಷ್ಟ್ರ ಹತ್ತಿರ ಹೋಗುವಾಗ ನನ್ನ ಪತ್ರ ಒಯ್ಯಬೇಡ, ಎರಡು ವಾಕ್ಯ ಒಯ್ಯಿ. ಒಂದು ಆ ಗಾದೆ, ಇನ್ನೊಂದು "ಅಪ್ಪ ನಾಲ್ಕು ಕೆಲಸಗಾರ ಕರೆದರು" ಎಂಬುದು. ಮೊದಲನೆಯದು ಸರಿ, ಎರಡನೆಯದು ತಪ್ಪು ಎಂದು ಅವರ ಕಿವಿಯೇ ಹೇಳುತ್ತದೆ. ಪ್ರತ್ಯಯ ಎರಡರಲ್ಲೂ ಇಲ್ಲವಲ್ಲ ಸಾರ್, ಮತ್ತೆ ಯಾಕೆ ಹೀಗೆ ಎಂದು ಕೇಳು. ಪರೀಕ್ಷೆಯಲ್ಲಿ ಮಾತ್ರ, 'ದ್ವಿತೀಯಾ ವಿಭಕ್ತಿ ಬಳಸಿ ವಾಕ್ಯ ರಚಿಸಿ' ಎಂದು ಕೇಳಿದ್ದರೆ ತಪ್ಪದೆ 'ಅನ್ನು' ಹಾಕು, ಅಲ್ಲಿ ಕೇಳುತ್ತಿರುವುದೇ ಅದನ್ನು.

ಇನ್ನೊಂದು ವಿಷಯ. ಅದೇ ಹಾಳೆಯ ಕೊನೆಯಲ್ಲಿ "ಸಂತೆಯಲ್ಲಿ ಅಕ್ಕ ತಂಗಿ ಕರೆದಳು" ಎಂದು ಬರೆದಿದ್ದೀಯ, ಅದಕ್ಕೂ ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಯನ್ನು' ಸೇರಿಸಿದ್ದಾರೆ. ಅದರ ಬಗ್ಗೆ ನೀನು ಪತ್ರದಲ್ಲಿ ಏನೂ ಕೇಳಿಲ್ಲ. ಕರೆದವಳು ಅಕ್ಕನೋ ತಂಗಿಯೋ ಎಂದು ನಾನು ಎರಡು ಸಲ ಓದಬೇಕಾಯಿತು. ಆ 'ಯನ್ನು' ಅಲ್ಲಿ ಬೇಕೇ ಬೇಕು, ಅದನ್ನು ಹಾಗೆಯೇ ಇಟ್ಟುಕೊ.